512 ಪೈಪು, 512 ವೆಲ್ಡ್: ನೀರು ತುಂಬುವ ಮೊದಲು ತಡೆದು ನಿಲ್ಲಿಸಿದ ಒಂದು ಸೆಕ್ಷನ್

ಪೆಟ್ರೋಲಿಯಂ ಉತ್ಪನ್ನ ಸಾಗಿಸುವ 20 ಇಂಚಿನ ಉಕ್ಕಿನ ಪೈಪ್‌ಲೈನು. ಹೊರವ್ಯಾಸ 508 ಮಿ.ಮೀ., ಉಕ್ಕಿನ ದರ್ಜೆ ಎಕ್ಸ್52, ಹೊರಗೆ ಮೂರು ಪದರದ ಪಾಲಿಎಥಿಲೀನ್ ಕೋಟಿಂಗ್. ಸಾಮಾನ್ಯ ಜಾಗದಲ್ಲಿ ಗೋಡೆಯ ದಪ್ಪ 9.5 ಮಿ.ಮೀ., ರಸ್ತೆ ದಾಟುವ ಕಡೆ ಮತ್ತು ಅದರ ಎರಡೂ ಬದಿಯ ಒಂದಷ್ಟು ಪೈಪುಗಳಲ್ಲಿ 12.7 ಮಿ.ಮೀ. ಗರಿಷ್ಠ ಕಾರ್ಯಾಚರಣೆ ಒತ್ತಡ 72 ಬಾರ್, ಟೆಸ್ಟ್ ಒತ್ತಡ ಅದರ 1.25 ಪಟ್ಟು, ಅಂದರೆ 90 ಬಾರ್. ಇಲ್ಲಿ ಹೇಳುತ್ತಿರುವುದು ಈ ಲೈನಿನ 6.1 ಕಿಲೋಮೀಟರಿನ ಒಂದು ಟೆಸ್ಟ್ ಸೆಕ್ಷನ್ನಿನ ಕಥೆ. ಮಾಲೀಕರ ಕಡೆಯ ಇನ್‌ಸ್ಪೆಕ್ಷನ್ ತಂಡದಲ್ಲಿ ನಾನಿದ್ದೆ.

ಕೆಲಸ ಶುರುವಾಗುವ ಮೊದಲು ಗುತ್ತಿಗೆದಾರರು ಕೊಟ್ಟ ಇನ್‌ಸ್ಪೆಕ್ಷನ್ ಅಂಡ್ ಟೆಸ್ಟ್ ಪ್ಲಾನಿನಲ್ಲಿ ಹೋಲ್ಡ್ ಪಾಯಿಂಟುಗಳು ಧಾರಾಳವಾಗಿದ್ದವು. ಪೈಪು ಇಳಿಸಿಕೊಳ್ಳುವಾಗ ಹೋಲ್ಡ್, ಸಾಲಾಗಿ ಜೋಡಿಸುವಾಗ ಹೋಲ್ಡ್, ವೆಲ್ಡಿಗೆ ಮುಂಚೆ ತುದಿಗಳನ್ನು ಹೊಂದಿಸುವ ಪ್ರತಿ ಫಿಟ್-ಅಪ್ಪಿಗೂ ಹೋಲ್ಡ್. ನೋಡಲು ಬಿಗಿಯಾಗಿ ಕಾಣುತ್ತದೆ. ಆದರೆ ಹೋಲ್ಡ್ ಅಂದರೆ ಇನ್‌ಸ್ಪೆಕ್ಟರ್ ಬಂದು ನೋಡಿ ಲಿಖಿತವಾಗಿ ಬಿಡುಗಡೆ ಮಾಡುವ ತನಕ ಕೆಲಸ ಮುಂದಕ್ಕೆ ಹೋಗಬಾರದು. ವಿಟ್ನೆಸ್ ಪಾಯಿಂಟ್ ಹಾಗಲ್ಲ. ನೋಟಿಸ್ ಕೊಟ್ಟ ಮೇಲೂ ಇನ್‌ಸ್ಪೆಕ್ಟರ್ ಬರದಿದ್ದರೆ ಕೆಲಸ ಮುಂದುವರಿಸಬಹುದು. ದಿನಕ್ಕೆ ಹತ್ತಾರು ಜಾಯಿಂಟ್ ಮಾಡುವ ವೆಲ್ಡಿಂಗ್ ತಂಡವನ್ನು ಪ್ರತಿ ಫಿಟ್-ಅಪ್ಪಿಗೂ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಆಗದ್ದನ್ನು ಬರೆದಿಟ್ಟರೆ ಆಗುವುದು ಒಂದೇ: ಸಂಜೆ ಕೂತು ಇಡೀ ದಿನದ ಹಾಳೆಗಳಿಗೆ ಒಟ್ಟಿಗೆ ಸಹಿ ಹಾಕುವುದು. ಒಮ್ಮೆ ಆ ಅಭ್ಯಾಸ ಬಿದ್ದರೆ ನಿಜವಾಗಿ ನಿಲ್ಲಿಸಬೇಕಾದ ಜಾಗದಲ್ಲೂ ಯಾರೂ ನಿಲ್ಲುವುದಿಲ್ಲ.

ಹಾಗಾಗಿ ಚರ್ಚೆ ಮಾಡಿ ಹೋಲ್ಡುಗಳನ್ನು ನಾಲ್ಕಕ್ಕೆ ಇಳಿಸಿದೆವು. ಮೊದಲನೆಯದು, ವೆಲ್ಡಿಂಗ್ ಪ್ರೊಸೀಜರ್ ಮತ್ತು ವೆಲ್ಡರುಗಳು ಪೈಪ್‌ಲೈನ್ ವೆಲ್ಡಿಂಗಿನ ಮಾನದಂಡವಾದ ಎಪಿಐ 1104 ಪ್ರಕಾರ ಅರ್ಹತೆ ಪಡೆಯುವ ತನಕ ಲೈನಿನಲ್ಲಿ ಮೊದಲ ವೆಲ್ಡ್ ಇಲ್ಲ. ಎರಡನೆಯದು, ಕೋಟಿಂಗಿನಲ್ಲಿ ತೂತಿದೆಯೇ ಎಂದು ಹೆಚ್ಚಿನ ವೋಲ್ಟೇಜಿನಿಂದ ಹುಡುಕುವ ಹಾಲಿಡೇ ಟೆಸ್ಟ್ ಆಗಿ, ಟ್ರೆಂಚಿನ ತಳ ನೋಡುವ ತನಕ ಪೈಪು ಕೆಳಗಿಳಿಯುವಂತಿಲ್ಲ, ಟ್ರೆಂಚಿನೊಳಗೇ ಬೆಸೆದ ಕಡೆ ಮಣ್ಣು ಮುಚ್ಚುವಂತಿಲ್ಲ. ಮೂರನೆಯದು, ಸೆಕ್ಷನ್ನಿನ ಎಲ್ಲ ದಾಖಲೆಗಳನ್ನು ಒಟ್ಟು ಮಾಡಿದ ಟೆಸ್ಟ್ ಪ್ಯಾಕೇಜ್ ಪರಿಶೀಲನೆ ಮುಗಿಯುವ ತನಕ ನೀರು ತುಂಬುವಂತಿಲ್ಲ. ನಾಲ್ಕನೆಯದು, ನೀರು ತುಂಬಿ ಒತ್ತಡ ಏರಿಸಿ ನೋಡುವ ಹೈಡ್ರೋಟೆಸ್ಟಿನ ಅಂಗೀಕಾರ. ಉಳಿದದ್ದೆಲ್ಲ ವಿಟ್ನೆಸ್, ದಾಖಲೆ ಪರಿಶೀಲನೆ ಅಥವಾ ಓಡಾಡುತ್ತಾ ನೋಡುವ ಸರ್ವೆಯ್ಲೆನ್ಸ್.

ನಾಲ್ಕರಲ್ಲಿ ಗುತ್ತಿಗೆದಾರರಿಗೆ ಅತ್ಯಂತ ಕಡಿಮೆ ಇಷ್ಟವಾದದ್ದು ಮೂರನೆಯದು. ಅದು ಬರೀ ಕಾಗದದ ಕೆಲಸ, ಪಂಪು ಮತ್ತು ನೀರು ಸಿದ್ಧವಾಗಿರುವಾಗ ಫೈಲಿಗೋಸ್ಕರ ಯಾಕೆ ಕಾಯಬೇಕು, ಹೇಗೂ 90 ಬಾರಿನಲ್ಲಿ ಎಲ್ಲ ಬಯಲಾಗುತ್ತದಲ್ಲ ಎಂಬುದು ಅವರ ವಾದ. ಈ ಸೆಕ್ಷನ್ನಿನಲ್ಲಿ ಸಿಕ್ಕಿಬಿದ್ದ ದೋಷ 90 ಬಾರಿನಲ್ಲಿ ಬಯಲಾಗುವಂಥದ್ದಾಗಿರಲಿಲ್ಲ.

ಟೆಸ್ಟ್ ಪ್ಯಾಕೇಜಿನ ಹೃದಯ ಪೈಪ್ ಬುಕ್. ಲೈನಿನಲ್ಲಿ ಪೈಪುಗಳು ಇರುವ ಕ್ರಮದಲ್ಲೇ ಒಂದೊಂದಕ್ಕೆ ಒಂದೊಂದು ಸಾಲು. ಪೈಪ್ ನಂಬರು, ಹೀಟ್ ನಂಬರು, ದಪ್ಪ, ಉದ್ದ, ಅದರ ಮುಂದಿನ ವೆಲ್ಡಿನ ನಂಬರು, ಆ ವೆಲ್ಡಿನ ರೇಡಿಯೋಗ್ರಫಿ ವರದಿ, ಜಾಯಿಂಟ್ ಕೋಟಿಂಗಿನ ದಾಖಲೆ. ನೆಲದಡಿಯ ಯಾವುದೇ ಜಾಗ ತೋರಿಸಿದರೂ ಅಲ್ಲಿರುವ ಉಕ್ಕು ಯಾವ ಕರಗಿಸುವಿಕೆಯಿಂದ ಬಂತು, ಅದರ ಮಿಲ್ ಸರ್ಟಿಫಿಕೇಟ್ ಎಲ್ಲಿದೆ ಎಂದು ಈ ಸಾಲು ಹಿಡಿದು ಹೋಗಲು ಆಗಬೇಕು.

ಪರಿಶೀಲನೆಯಲ್ಲಿ ನಾವು ಮೊದಲು ಮಾಡುವುದು ಎಣಿಕೆ. ಎರಡೂ ತುದಿ ತೆರೆದಿರುವ ಸಾಲಿನಲ್ಲಿ ಎಷ್ಟು ತುಂಡುಗಳಿವೆಯೋ ಅದಕ್ಕಿಂತ ಒಂದು ಕಡಿಮೆ ವೆಲ್ಡ್ ಇರಬೇಕು. ತುದಿಯಲ್ಲಿ ಟೆಸ್ಟಿಗೆಂದು ಹಾಕುವ ಹೆಡರುಗಳ ವೆಲ್ಡ್ ಲೆಕ್ಕಕ್ಕಿಲ್ಲ. ಪೈಪ್ ಬುಕ್ಕಿನಲ್ಲಿ 512 ತುಂಡುಗಳಿದ್ದವು, ಹಾಗಾಗಿ 511 ವೆಲ್ಡ್ ಇರಬೇಕಿತ್ತು. ರೇಡಿಯೋಗ್ರಫಿಯಲ್ಲಿ ಪಾಸಾದ ವೆಲ್ಡುಗಳು, ಕತ್ತರಿಸಿ ತೆಗೆದವನ್ನು ಬಿಟ್ಟು, 512. ವೆಲ್ಡ್ ಕಡಿಮೆ ಬಿದ್ದಿದ್ದರೆ ಫಿಲ್ಮ್ ತೆಗೆಯದ ಜಾಯಿಂಟ್ ಇದೆ ಎಂದರ್ಥ. ಒಂದು ಹೆಚ್ಚಿದ್ದರೆ, ಬುಕ್ಕಿನಲ್ಲಿ ಇಲ್ಲದ ತುಂಡೊಂದು ನೆಲದಲ್ಲಿದೆ.

ಗುತ್ತಿಗೆದಾರರ ಕಡೆ ಗುಣಮಟ್ಟ ನೋಡುವ ಕ್ಯೂಸಿ ಎಂಜಿನಿಯರ್ ಮೊದಲು ಹೇಳಿದ್ದು ಟೈಪಿಂಗ್ ತಪ್ಪಿರಬಹುದು ಎಂದು. ಆಗಬಾರದ್ದೇನಲ್ಲ, ಒಂದೇ ವೆಲ್ಡಿನ ವರದಿ ಎರಡು ಸಲ ಸೇರಿರುವುದು ಉಂಟು. ಆದರೆ ವೆಲ್ಡ್ ನಂಬರುಗಳನ್ನು ಕ್ರಮವಾಗಿ ಓದುತ್ತಾ ಬಂದಾಗ ರಸ್ತೆ ದಾಟುವ ಜಾಗದ ಹತ್ತಿರ ಟಿ-118, ಅದರ ಬೆನ್ನಿಗೇ ಟಿ-118ಎ ಸಿಕ್ಕವು. ಪೈಪ್ ಬುಕ್ಕಿನಲ್ಲಿ ಟಿ-118 ಮಾತ್ರ ಇತ್ತು.

ನಡೆದದ್ದು ಇಷ್ಟು. ರಸ್ತೆಯಡಿಯ ಪೈಪುಗಳನ್ನು ಬೇರೆಯಾಗಿ ಜೋಡಿಸಿ ತೂರಿಸಿ, ಆಮೇಲೆ ಮುಖ್ಯ ಸಾಲಿಗೆ ಟ್ರೆಂಚಿನೊಳಗೇ ಟೈ-ಇನ್ ಮಾಡಿದ್ದರು. ಟೈ-ಇನ್ ವೆಲ್ಡ್ ರೇಡಿಯೋಗ್ರಫಿಯಲ್ಲಿ ಬಿತ್ತು, ರಿಪೇರಿಗೆ ಒಪ್ಪುವಂಥ ದೋಷವಲ್ಲವಾದ್ದರಿಂದ ವೆಲ್ಡನ್ನೇ ಕತ್ತರಿಸಿ ತೆಗೆದರು. ಕತ್ತರಿಸಿದ ಮೇಲೆ ಎರಡು ತುದಿಗಳ ನಡುವೆ ಸಂದು ಉಳಿಯಿತು. ಒಂದು ಕಡೆ ರಸ್ತೆಯಡಿ ಕೂತ ಪೈಪು, ಇನ್ನೊಂದು ಕಡೆ ಮಣ್ಣು ಮುಚ್ಚಿದ ಲೈನು, ಎಳೆದು ತರುವಂತಿಲ್ಲ. ಇಂಥ ಹೊತ್ತಿನಲ್ಲಿ ಪಪ್ ಪೀಸ್ ಹಾಕುವುದು ಸರಿಯಾದ ದಾರಿಯೇ. ಅವರು ಅದನ್ನೇ ಮಾಡಿದ್ದರು: 1.37 ಮೀಟರ್ ಉದ್ದದ ತುಂಡು, ಅದರ ಎರಡೂ ತುದಿಗೆ ಒಂದೊಂದು ವೆಲ್ಡ್. ಎರಡೂ ಫಿಲ್ಮಿನಲ್ಲಿ ಪಾಸ್. ಕೋಟಿಂಗ್ ಆಯಿತು, ಹಾಲಿಡೇ ಟೆಸ್ಟ್ ಆಯಿತು, ಮಣ್ಣು ಮುಚ್ಚಿದರು.

ಆ ತುಂಡು ಎಲ್ಲಿಂದ ಬಂತು? ಫೋರ್‌ಮನ್ನನ್ನು ಕೇಳಿದೆವು.

"ಪಕ್ಕದಲ್ಲೇ ಬಿದ್ದಿತ್ತು ಸಾರ್, ಕಟ್ ಮಾಡಿ ಉಳಿದದ್ದು. ಅದೇ ಸೈಜು, ಅದೇ ಕೋಟಿಂಗು."

"ನಂಬರ್ ಇತ್ತಾ?"

"ನಂಬರ್ ಇನ್ನೊಂದು ಅರ್ಧದಲ್ಲಿರಬೇಕು ಸಾರ್."

ಅವರ ಮಾತಿನಲ್ಲಿ ಸುಳ್ಳಿಲ್ಲ. 9.5 ಮತ್ತು 12.7 ಮಿ.ಮೀ. ಪೈಪುಗಳೆರಡರ ಹೊರವ್ಯಾಸವೂ 508. ವ್ಯತ್ಯಾಸದ 3.2 ಮಿ.ಮೀ. ಇರುವುದು ಒಳಗಡೆ. ಕೋಟಿಂಗಿನ ಬಣ್ಣ ಒಂದೇ. ತುದಿ ತೆರೆದಿರುವಾಗ ಸ್ಕೇಲ್ ಹಿಡಿದು ನೋಡಿದರೆ ಮಾತ್ರ ಗೊತ್ತಾಗುವ ಸಂಗತಿ. ವೆಲ್ಡ್ ಆದ ಮೇಲೆ ಹೊರಗೆ ನಿಂತವರಿಗೆ ಅದು ಕಾಣುವುದೇ ಇಲ್ಲ. ಮಣ್ಣು ಮುಚ್ಚುವ ಮುಂಚಿನ ಹೋಲ್ಡಿಗೆ ಸಹಿ ಹಾಕಿದ ನಮ್ಮ ಇನ್‌ಸ್ಪೆಕ್ಟರಿನ ಹಾಳೆಯಲ್ಲಿ ಇದ್ದದ್ದು ಕೋಟಿಂಗ್, ಟ್ರೆಂಚಿನ ತಳ, ಡಿಟೆಕ್ಟರಿನ ವೋಲ್ಟೇಜ್. ಪೈಪ್ ನಂಬರಿಗೆ ಅಲ್ಲಿ ಕಾಲಮ್ಮೇ ಇರಲಿಲ್ಲ.

ಆ ಎರಡು ಫಿಲ್ಮುಗಳನ್ನು ವ್ಯೂಯರಿನ ಮೇಲೆ ಹಾಕಿ ನೋಡಿದ್ದು ಈ ಪ್ರಕರಣದಲ್ಲಿ ನನಗೆ ಅತ್ಯಂತ ಸ್ವಾರಸ್ಯ ಅನಿಸಿದ ಘಟ್ಟ. ರೇಡಿಯೋಗ್ರಾಫಿನಲ್ಲಿ ತೆಳು ಲೋಹದ ಮೂಲಕ ಹೆಚ್ಚು ವಿಕಿರಣ ಹಾದು ಬರುವುದರಿಂದ ಆ ಭಾಗ ಕಪ್ಪಾಗಿ ಬೀಳುತ್ತದೆ. ಒಂದೇ ದಪ್ಪದ ಎರಡು ಪೈಪು ಸೇರಿದ್ದರೆ ವೆಲ್ಡಿನ ಬಿಳಿಚಿದ ಪಟ್ಟೆಯ ಎರಡೂ ಬದಿ ಒಂದೇ ಬೂದು ಬಣ್ಣ. ಟಿ-118ರಲ್ಲಿ ಮುಂದಿನ ಬದಿ ಗಾಢವಾಗಿತ್ತು. ಟಿ-118ಎಯಲ್ಲಿ ಹಿಂದಿನ ಬದಿ. ಎರಡು ಫಿಲ್ಮುಗಳ ಗಾಢ ಬದಿಗಳೂ ಮುಖ ಮಾಡಿದ್ದು ಒಂದೇ ತುಂಡಿನ ಕಡೆಗೆ. ವೆಲ್ಡಿನ ಬೇರು, ಅಂದರೆ ಅದರ ಒಳ ತಳ, ಅದರ ಅಂಚಿನಲ್ಲಿ ಮೆಟ್ಟಿಲಿನಂಥ ನೇರ ಗೆರೆಯೂ ಇತ್ತು. ವರದಿಯ ರಿಮಾರ್ಕ್ಸ್ ಕಾಲಮ್ಮಿನಲ್ಲಿ ಫಿಲ್ಮ್ ಓದಿದವರು ಎರಡೂ ಕಡೆ "ಹೈ-ಲೋ", ಅಂದರೆ ಒಳ ಅಂಚುಗಳು ಸಮನಾಗಿಲ್ಲ, ಎಂದು ಬರೆದಿದ್ದರು. ಅವರ ಕೆಲಸ ವೆಲ್ಡ್ ಪಾಸೋ ಫೇಲೋ ಎಂದು ಹೇಳುವುದು; ಬಿರುಕು, ಬೆಸೆಯದ ಭಾಗ, ಸ್ಲ್ಯಾಗ್ ಇಲ್ಲದ್ದರಿಂದ ಪಾಸ್ ಎಂದರು. ಆ ರಿಮಾರ್ಕನ್ನು ಓದಿ ಯಾಕೆ ಎಂದು ಕೇಳಬೇಕಾದವರು ಯಾರು ಎಂಬುದು ಯೋಜನೆಯಲ್ಲಿ ಎಲ್ಲೂ ಬರೆದಿರಲಿಲ್ಲ.

ಊಹೆ ಸಾಕಾಗುವುದಿಲ್ಲವಾದ್ದರಿಂದ ಅಗೆಸಿದೆವು. ಪಪ್ ಪೀಸಿನ ಮೇಲೆ ನಾಲ್ಕು ದಿಕ್ಕಿನಲ್ಲಿ ಕೋಟಿಂಗ್ ಕಿತ್ತು, ಸ್ಟೆಪ್ ಬ್ಲಾಕಿನಲ್ಲಿ ಸರಿಪಡಿಸಿಕೊಂಡ ಅಲ್ಟ್ರಾಸಾನಿಕ್ ಗೇಜಿನಿಂದ ದಪ್ಪ ಅಳೆದೆವು. 9.4ರಿಂದ 9.6 ಮಿ.ಮೀ. ಎರಡು ಪಕ್ಕದ ಪೈಪುಗಳು 12.6 ಮತ್ತು 12.8. ಅನುಮಾನ ಉಳಿಯಲಿಲ್ಲ.

ಹೈಡ್ರೋಟೆಸ್ಟ್ ಇದನ್ನು ಹಿಡಿಯುತ್ತಿತ್ತೇ? ಲೆಕ್ಕ ಸುಲಭ. ಒಳ ಒತ್ತಡದಿಂದ ಗೋಡೆಯಲ್ಲಿ ಹುಟ್ಟುವ ಸುತ್ತಳತೆಯ ಸೆಳೆತ ಒತ್ತಡ ಗುಣಿಸು ವ್ಯಾಸ, ಭಾಗಿಸು ದಪ್ಪದ ಎರಡರಷ್ಟು. 90 ಬಾರ್ ಅಂದರೆ 9 ಮೆಗಾಪಾಸ್ಕಲ್:

```
9.5 mm : 9.0 × 508 / (2 × 9.5)  = 241 MPa
12.7 mm: 9.0 × 508 / (2 × 12.7) = 180 MPa
X52 SMYS = 359 MPa
```

9.5 ಮಿ.ಮೀ. ತುಂಡಿನಲ್ಲಿ ಸೆಳೆತ ಉಕ್ಕಿನ ಕನಿಷ್ಠ ಯೀಲ್ಡ್ ಬಲದ, ಅಂದರೆ ಮೇಲಿನ SMYSನ, ಶೇ. 67. ಸೋರದೆ, ಉಬ್ಬದೆ, ಸೀಳದೆ ಆರಾಮಾಗಿ ಪಾಸಾಗುತ್ತಿತ್ತು. ಲೈನಿನ ಬಹುಪಾಲು ಅದೇ ದಪ್ಪದ್ದಲ್ಲವೇ? ಆದರೆ ರಸ್ತೆ ಪಕ್ಕ 12.7 ಕೇಳಿದ್ದು ಒಳ ಒತ್ತಡಕ್ಕಲ್ಲ. ಮೇಲೆ ಓಡುವ ಭಾರಿ ವಾಹನಗಳ ಹೊರೆ, ಅದು ವರ್ಷಗಟ್ಟಲೆ ಮರುಕಳಿಸುವುದರಿಂದ ವೆಲ್ಡಿಗೆ ಬರುವ ದಣಿವು, ಇವುಗಳಿಗಾಗಿ ಕೇಳಿದ್ದು. ನೀರು ತುಂಬಿ ಒಂದು ದಿನ ನಿಲ್ಲಿಸಿದರೆ ಅದರ ಪರೀಕ್ಷೆ ಆಗುವುದಿಲ್ಲ. ಮೇಲಾಗಿ 3.2 ಮಿ.ಮೀ. ಮೆಟ್ಟಿಲಿದ್ದಲ್ಲಿ ದಪ್ಪ ಪೈಪಿನ ಒಳ ಅಂಚನ್ನು ಇಳಿಜಾರಾಗಿ ಮಸೆದು ಸೇರಿಸಬೇಕೆಂದು ದ್ರವ ಪೈಪ್‌ಲೈನುಗಳ ಕೋಡ್ ಆದ ಎಎಸ್‌ಎಂಇ ಬಿ31.4 ಕೇಳುತ್ತದೆ, ಸುಮ್ಮನೆ ಬಿಡಬಹುದಾದ ಒಳ ವ್ಯತ್ಯಾಸದ ಮಿತಿ 2.4 ಮಿ.ಮೀ. ಇಲ್ಲಿ ಮಸೆದಿರಲಿಲ್ಲ.

ನಿಯಮಕ್ಕೆ ಹೊಂದದ್ದನ್ನು ದಾಖಲಿಸುವ ನಾನ್-ಕನ್ಫಾರ್ಮೆನ್ಸ್ ರಿಪೋರ್ಟ್, ಎನ್‌ಸಿಆರ್, ತೆರೆದಾಗ ಗುತ್ತಿಗೆದಾರರು ಮುಂದಿಟ್ಟ ಮೊದಲ ಪ್ರಸ್ತಾವ, ತುಂಡಿನ ಮೂಲ ತೋರಿಸುತ್ತೇವೆ, ಇದ್ದ ಹಾಗೆ ಒಪ್ಪಿಕೊಳ್ಳಿ ಎಂಬುದು. ಮೂಲ ಅವರು ತೋರಿಸಿದ್ದೂ ನಿಜ, ಚೆನ್ನಾಗಿಯೇ ತೋರಿಸಿದರು. ಪೈಪ್ ಬುಕ್ಕಿನಲ್ಲಿ 10.70 ಮೀಟರ್ ಎಂದು ದಾಖಲಾದ ಒಂದು ಪೈಪಿನ ಮಿಲ್ ಉದ್ದ 12.10. ಉಳಿದ 1.40ರಲ್ಲಿ ಪಪ್ 1.37, ಬಾಕಿ 3 ಸೆಂಟಿಮೀಟರ್ ಕತ್ತರಿಸಿ ಬೆವೆಲ್ ಮಾಡಿದಾಗ ಹೋದದ್ದು. ಸೆಕ್ಷನ್ನಿನಲ್ಲಿ ಅಷ್ಟು ಉದ್ದ ಕಾಣೆಯಾದ ಬೇರೆ ಪೈಪಿರಲಿಲ್ಲ. ಹೀಟ್ ನಂಬರ್ ಸಿಕ್ಕಿತು, ಸರ್ಟಿಫಿಕೇಟ್ ಸಿಕ್ಕಿತು. ಆದರೆ ಆ ಸರ್ಟಿಫಿಕೇಟಿನಲ್ಲೇ ಬರೆದಿತ್ತಲ್ಲ, ದಪ್ಪ 9.5 ಎಂದು. ಗುರುತು ಸಿಕ್ಕಿದ್ದು ಉಕ್ಕಿನ ಬಗೆಗಿನ ಪ್ರಶ್ನೆಯನ್ನು ಮುಗಿಸಿತು, ಜಾಗದ ಬಗೆಗಿನ ಪ್ರಶ್ನೆಯನ್ನಲ್ಲ. ಡಿಸೈನ್ ವಿಭಾಗ ಒಪ್ಪಲಿಲ್ಲ. ಎರಡೂ ವೆಲ್ಡ್ ಸಮೇತ ಕತ್ತರಿಸಿ ತೆಗೆದು, 12.7 ಮಿ.ಮೀ. ಪೈಪಿನಿಂದ ಸ್ವಲ್ಪ ಉದ್ದದ ಹೊಸ ಪಪ್ ಹಾಕಿದರು. ಹೊಸ ವೆಲ್ಡುಗಳಿಗೆ ಟಿ-118ಸಿ1, ಟಿ-118ಎಸಿ1 ಎಂದು ನಂಬರು ಕೊಟ್ಟು, ಹಳೆಯ ಎರಡು ಸಾಲುಗಳನ್ನು ಅಳಿಸದೆ "ಕತ್ತರಿಸಿ ತೆಗೆದಿದೆ" ಎಂದು ಹಾಗೇ ಉಳಿಸಿದೆವು. ಅಳಿಸಿದ್ದರೆ ಮುಂದೆ ಯಾರಾದರೂ ಆ ಹಳೆಯ ಫಿಲ್ಮುಗಳನ್ನು ಕಂಡಾಗ ಮತ್ತೆ ಇದೇ ಗೊಂದಲ.

ಮಣ್ಣು ಮುಚ್ಚುವ ಮುಂಚಿನ ಹೋಲ್ಡ್ ಈ ಜಾಗಕ್ಕೆ ಎರಡನೇ ಸಲ ಬಂತು. ಹಾಲಿಡೇ ಟೆಸ್ಟ್ ನಾನೇ ನಿಂತು ನೋಡಿದೆ. ಈ ದಪ್ಪದ ಪಾಲಿಎಥಿಲೀನ್ ಕೋಟಿಂಗಿಗೆ 25 ಕಿಲೋವೋಲ್ಟ್. ವೋಲ್ಟೇಜನ್ನು ಯಂತ್ರದ ಡಯಲ್ಲಿನಲ್ಲಿ ಓದಿದರೆ ಸಾಲದು, ಪೈಪಿನ ಸುತ್ತ ಹಾಯಿಸುವ ಸ್ಪ್ರಿಂಗಿನ ಬಳಿ ವೋಲ್ಟ್‌ಮೀಟರ್ ಹಿಡಿದು ಅಳೆಯಬೇಕು. ಬ್ಯಾಟರಿ ಇಳಿದಿದ್ದರೆ ಡಯಲ್ ಒಂದು ಹೇಳುತ್ತದೆ, ಸ್ಪ್ರಿಂಗ್ ಇನ್ನೊಂದು. ಆಮೇಲೆ ಬೇಕೆಂದೇ ತೂತು ಮಾಡಿದ ಜಾಗದ ಮೇಲೆ ಒಮ್ಮೆ ಹಾಯಿಸಿ ಕಿಡಿ ಹಾರಿ ಸದ್ದು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಸದ್ದೇ ಮಾಡದ ಡಿಟೆಕ್ಟರಿನ ಕೈಯಲ್ಲಿ ಎಲ್ಲ ಪೈಪೂ ಪಾಸಾಗುತ್ತದೆ. ಗೇಜ್ ಹಾಕಲು ಕೋಟಿಂಗ್ ಕಿತ್ತಿದ್ದ ಪಕ್ಕದ ಪೈಪುಗಳ ತೇಪೆಗಳಲ್ಲಿ ಒಂದು ಕಿಡಿ ಕೊಟ್ಟಿತು. ಅದನ್ನು ಮತ್ತೆ ತೇಪೆ ಹಾಕಿ, ಮತ್ತೆ ಹಾಯಿಸಿದ ಮೇಲೆ ಸಹಿ.

ಬುಕ್ಕಿನಲ್ಲಿ ಈಗ 513 ತುಂಡು, 512 ವೆಲ್ಡ್. ಮೂರನೆಯ ಹೋಲ್ಡ್ ಬಿಡುಗಡೆಯಾಯಿತು, ನೀರು ತುಂಬಿದರು.

ಹೈಡ್ರೋಟೆಸ್ಟಿನ ಬಗ್ಗೆ ಹೇಳಬೇಕಾದದ್ದು ಮುಖ್ಯವಾಗಿ ಒಂದೇ, ತಾಪಮಾನ. ಬಿ31.4 ಕೇಳುವುದು 1.25 ಪಟ್ಟು ಒತ್ತಡದಲ್ಲಿ 4 ಗಂಟೆ. ಮಾಲೀಕರ ಸ್ಪೆಸಿಫಿಕೇಶನ್ 24 ಗಂಟೆ ಕೇಳಿತ್ತು. ಆ 24 ಗಂಟೆಯಲ್ಲಿ ಒತ್ತಡ 1.9 ಬಾರ್ ಇಳಿಯಿತು. ಸೋರಿಕೆಯೋ, ನೀರು ತಣ್ಣಗಾದದ್ದೋ? ಪೈಪಿನೊಳಗೆ ಬಂಧಿಯಾದ ನೀರು ಒಂದು ಡಿಗ್ರಿ ತಣಿದರೂ ಒತ್ತಡ ಎಷ್ಟು ಇಳಿಯುತ್ತದೆಂದು ಮೊದಲ ಸಲ ನೋಡಿದವರಿಗೆ ನಂಬಿಕೆಯೇ ಬರುವುದಿಲ್ಲ. ಹೂತ ಉಕ್ಕಿನ ಪೈಪಿಗೆ ಬಳಸುವ ಸೂತ್ರ ಇದು:

```
dP/dT = (β − 2α(1+ν)) / ( D(1−ν²)/(E·t) + 1/K )
```

β ನೀರಿನ ಹಿಗ್ಗುವಿಕೆಯ ಗುಣಾಂಕ, α ಉಕ್ಕಿನದು, K ನೀರಿನ ಬಲ್ಕ್ ಮಾಡ್ಯುಲಸ್, E ಮತ್ತು ν ಉಕ್ಕಿನ ಯಂಗ್ ಮಾಡ್ಯುಲಸ್ ಮತ್ತು ಪಾಯ್ಸನ್ ಅನುಪಾತ, D ವ್ಯಾಸ, t ದಪ್ಪ. ನೀರು 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ನಮ್ಮ ಪೈಪಿಗೆ ಇದು ಡಿಗ್ರಿಗೆ ಸುಮಾರು 2.6 ಬಾರ್ ಕೊಡುತ್ತದೆ. β ತಾಪಮಾನದ ಜೊತೆ ಬಹಳ ಬದಲಾಗುತ್ತದೆ, 10 ಡಿಗ್ರಿಯಲ್ಲಿ ಅದು 20 ಡಿಗ್ರಿಯಲ್ಲಿದ್ದದ್ದರ ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಒಂದು ಸೆಕ್ಷನ್ನಿನ ಅಂಕಿಯನ್ನು ಬೇರೆ ಋತುವಿನ ಇನ್ನೊಂದಕ್ಕೆ ಹಾಗೇ ಎತ್ತಿಹಾಕುವಂತಿಲ್ಲ. ಒಳಗೆ ಗಾಳಿ ಸಿಕ್ಕಿಕೊಂಡಿದ್ದರೂ ಈ ಲೆಕ್ಕ ಕೆಡುತ್ತದೆ. ಅದಕ್ಕೇ ಒತ್ತಡ ಏರಿಸುವಾಗಲೇ ಎಷ್ಟು ನೀರಿಗೆ ಎಷ್ಟು ಏರಿತು ಎಂದು ಗ್ರಾಫ್ ಹಾಕಿ ಗಾಳಿ ಎಷ್ಟಿದೆ ನೋಡಿಕೊಂಡಿರಬೇಕು.

ಪೈಪಿಗೆ ಅಂಟಿಸಿದ್ದ ಸೆನ್ಸರುಗಳು ಸರಾಸರಿ 0.7 ಡಿಗ್ರಿ ಇಳಿಕೆ ತೋರಿಸಿದವು. 0.7 ಗುಣಿಸು 2.6, ಸುಮಾರು 1.8 ಬಾರ್. ಲೆಕ್ಕಕ್ಕೆ ಸಿಗದೆ ಉಳಿದದ್ದು 0.1 ಬಾರ್. ಸೆಕ್ಷನ್ನಿನಲ್ಲಿದ್ದ ನೀರು ಸುಮಾರು 1,145 ಘನ ಮೀಟರ್; ಅದರಲ್ಲಿ ಒಂದು ಬಾರ್ ಅಂದರೆ ಸುಮಾರು 79 ಲೀಟರ್, ಹಾಗಾಗಿ 0.1 ಬಾರ್ ಅಂದರೆ 8 ಲೀಟರ್. ಸೆನ್ಸರಿನ ನಿಖರತೆ 0.1 ಡಿಗ್ರಿ, ಅದೊಂದರಿಂದಲೇ 0.26 ಬಾರ್ ಆಚೀಚೆ ಆಗಬಹುದು. ಉಳಿಕೆ ಅಳತೆಯ ದೋಷದೊಳಗೇ ಇದೆ.

ಇಲ್ಲಿ ಒಂದು ಸಣ್ಣ ಜಗಳ ನಡೆಯಿತು. ತುದಿಯ ಹೆಡರಿನ ಹತ್ತಿರ, ಮಣ್ಣು ಮುಚ್ಚದ ಭಾಗದಲ್ಲಿದ್ದ ಸೆನ್ಸರ್ ಬಿಸಿಲಿಗೆ ಏರಿ ರಾತ್ರಿ ಇಳಿದು ತನ್ನದೇ ಆಟ ಆಡಿತ್ತು. ಅದನ್ನೂ ಸರಾಸರಿಗೆ ಸೇರಿಸಿದರೆ ಲೆಕ್ಕ ಇನ್ನೂ ಅನುಕೂಲವಾಗುತ್ತದೆ ಎಂದು ಗುತ್ತಿಗೆದಾರರ ಟೆಸ್ಟ್ ಎಂಜಿನಿಯರ್ ಸೂಚಿಸಿದರು. ಹೂತ ಭಾಗದ ಸೆನ್ಸರುಗಳು ಮಾತ್ರ ಲೆಕ್ಕಕ್ಕೆ ಎಂದು ಟೆಸ್ಟ್ ಪ್ರೊಸೀಜರಿನಲ್ಲಿ ಮೊದಲೇ ಬರೆದಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಯಾವ ಸೆನ್ಸರ್ ಲೆಕ್ಕಕ್ಕೆ ಎಂಬುದನ್ನು ಫಲಿತಾಂಶ ನೋಡಿದ ಮೇಲೆ ತೀರ್ಮಾನಿಸಲು ಬಿಟ್ಟರೆ ಯಾವ ಸೆಕ್ಷನ್ನೂ ಫೇಲಾಗುವುದಿಲ್ಲ.

ಟೆಸ್ಟ್ ಒಪ್ಪಿದೆವು. ಅರ್ಧ ಗಂಟೆಗೊಮ್ಮೆ ಬರೆದ ಒತ್ತಡ ಮತ್ತು ತಾಪಮಾನದ ಹಾಳೆ, ರೆಕಾರ್ಡರಿನ ಚಾರ್ಟು, ಡೆಡ್ ವೆಯ್ಟ್ ಟೆಸ್ಟರಿನ ಮತ್ತು ಸೆನ್ಸರುಗಳ ಕ್ಯಾಲಿಬ್ರೇಶನ್ ಸರ್ಟಿಫಿಕೇಟು, ಮೇಲಿನ ಲೆಕ್ಕ, ಇಷ್ಟೂ ಫೈಲಿಗೆ ಸೇರಿದವು.

ಯೋಜನೆಯಲ್ಲಿ ಬದಲಾದದ್ದು ಕಡಿಮೆ. ಹೊಸ ಹೋಲ್ಡ್ ಸೇರಿಸಲಿಲ್ಲ, ಸೇರಿಸಿ ಎಂಬ ಒತ್ತಾಯ ಇದ್ದರೂ. ಪೈಪು ಕತ್ತರಿಸುವ ಮೊದಲು ಎರಡೂ ಅರ್ಧಕ್ಕೆ ಪೈಪ್ ನಂಬರು, ಹೀಟ್ ನಂಬರು, ದಪ್ಪ ಬರೆಯುವುದು ಪ್ರೊಸೀಜರಿನಲ್ಲಿ ಮೊದಲಿನಿಂದ ಇತ್ತು. ಈಗ ಅದು ವಿಟ್ನೆಸ್ ಪಾಯಿಂಟಾಯಿತು, ಉಳಿಕೆ ತುಂಡುಗಳಿಗೆ ರಿಜಿಸ್ಟರ್ ಬಂತು, ಬರಹವಿಲ್ಲದ ತುಂಡು ಗುಜರಿಗೆ. ಮಣ್ಣು ಮುಚ್ಚುವ ಹೋಲ್ಡಿನ ಹಾಳೆಗೆ ಪೈಪ್ ನಂಬರಿನ ಕಾಲಮ್ಮು ಸೇರಿತು. ರೇಡಿಯೋಗ್ರಫಿ ವರದಿಯ ರಿಮಾರ್ಕ್ಸನ್ನು ಗುತ್ತಿಗೆದಾರರ ಕ್ಯೂಸಿ ಓದಿ, ಪ್ರತಿಯೊಂದರ ಮುಂದೆ ಕಾರಣ ಬರೆಯಬೇಕೆಂದಾಯಿತು.

ಬೇರೆ ಸೆಕ್ಷನ್ನುಗಳ ಬುಕ್ಕುಗಳನ್ನೂ ಹೀಗೇ ಎಣಿಸಿದೆವು. ಒಂದರಲ್ಲಿ ಮತ್ತೆ ಒಂದರ ವ್ಯತ್ಯಾಸ ಬಂತು, ಅದು ಮಾತ್ರ ನಿಜಕ್ಕೂ ಟೈಪಿಂಗ್ ತಪ್ಪು. ಆದರೆ ಎಣಿಕೆಗೆ ಕಾಣದ ತಪ್ಪೂ ಒಂದಿದೆ: ಒಂದು ಪೂರ್ತಿ ಪೈಪಿನ ಜಾಗದಲ್ಲಿ ಬೇರೆ ದಪ್ಪದ ಇನ್ನೊಂದು ಕೂತಿದ್ದರೆ ತುಂಡು ಅಷ್ಟೇ, ವೆಲ್ಡೂ ಅಷ್ಟೇ. ಅದಕ್ಕಾಗಿ ಪೈಪ್ ಬುಕ್ಕಿನ ಪ್ರತಿ ಉದ್ದವನ್ನು ಸರ್ವೆಯವರು ಗುರುತಿಸಿದ ವೆಲ್ಡಿನಿಂದ ವೆಲ್ಡಿನ ದೂರಕ್ಕೆ ಹೋಲಿಸಿದೆವು, ಮಿಲ್ಲಿನಿಂದ ಬರುವ ಪೈಪುಗಳ ಉದ್ದ ಒಂದರಂತೆ ಇನ್ನೊಂದಿರುವುದು ಅಪರೂಪ. ಜೊತೆಗೆ ದಪ್ಪ ಬದಲಾಗುವ ಕಡೆಯ ಫಿಲ್ಮುಗಳನ್ನೆಲ್ಲ ತೆಗೆದು, ಗಾಢ ಬದಿ ಇರಬೇಕಾದ ಕಡೆಗೇ ಇದೆಯೇ ಎಂದು ನೋಡಿದೆವು. ಎಲ್ಲ ಸರಿಯಿತ್ತು, ಎನ್‌ಸಿಆರ್ ಮುಚ್ಚಿದೆವು.